ಪ್ರಕಟವಾಗದ ಮಾತಿಗೆ ಆಕರ: ಪಟ್ಟಿಗೆ ಸೇರಿಸಬೇಕೋ, ಬೇಡವೋ?

2025ರ ಆಗಸ್ಟ್‌ನಲ್ಲಿ, ಜನ ಪೋಸ್ಟ್ ಹಾಕಿ ಚರ್ಚಿಸುವ ತಾಣವಾದ ರೆಡ್ಡಿಟ್ ಒಂದು ತೀರ್ಮಾನ ಹೇಳಿತು. ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಾಡುವ ಇಂಟರ್ನೆಟ್ ಆರ್ಕೈವ್, ತನ್ನ ವೇಬ್ಯಾಕ್ ಮಷೀನ್‌ನಲ್ಲಿ ಇನ್ನು ರೆಡ್ಡಿಟ್‌ನ ಮುಖಪುಟವನ್ನು ಮಾತ್ರ ಉಳಿಸಿಕೊಳ್ಳಬಹುದು. ಪೋಸ್ಟ್, ಕಾಮೆಂಟ್, ಪ್ರೊಫೈಲ್ ಪುಟಗಳು ಅದಕ್ಕೆ ಸಿಗುವುದಿಲ್ಲ. ಬೇರೆ ಕಂಪನಿಗಳು ಆರ್ಕೈವ್ ಮೂಲಕ ತನ್ನ ದತ್ತಾಂಶ ಎತ್ತಿಕೊಳ್ಳುತ್ತಿವೆ ಅನ್ನೋದು ರೆಡ್ಡಿಟ್ ಕೊಟ್ಟ ಕಾರಣ.

ಮೇಲ್ನೋಟಕ್ಕೆ ಇದು ಎರಡು ಸಂಸ್ಥೆಗಳ ನಡುವಿನ ಜಗಳ. ಆದರೆ ಪ್ರಬಂಧ, ವರದಿ, ಲೇಖನ ಬರೆಯುವವರಿಗೆ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಆನ್‌ಲೈನ್ ಪೋಸ್ಟನ್ನು ಉಲ್ಲೇಖಿಸುವುದಿದ್ದರೆ ಆರ್ಕೈವ್ ಮಾಡಿದ ಲಿಂಕ್ ಕೊಡಿ ಅಂತ ಇಷ್ಟು ವರ್ಷ ಗೈಡ್‌ಗಳು, ಗ್ರಂಥಪಾಲಕರು ಹೇಳುತ್ತಾ ಬಂದಿದ್ದರು. ಒಂದು ದೊಡ್ಡ ತಾಣದ ಮಟ್ಟಿಗೆ ಆ ಸಲಹೆ ಈಗ ಕೆಲಸ ಮಾಡುವುದಿಲ್ಲ. ಹಾಗಾದರೆ ಎಲ್ಲೂ ವಿಧಿವತ್ತಾಗಿ ಪ್ರಕಟವಾಗದ ಮಾತನ್ನು, ಅಂದರೆ ಕ್ಲಾಸಿನ ಉಪನ್ಯಾಸ, ಸಂದರ್ಶನ, ಮೆಸೇಜ್, ಪೋಸ್ಟ್ ಇವನ್ನು, ಆಕರವಾಗಿ ಕೊಡುವುದು ಹೇಗೆ? ಕೊಡಬಹುದೇ?

ಒಂದೇ ಮಾತಿಗೆ ಬೇರೆ ಬೇರೆ ನಿಯಮ

ಗೊಂದಲ ಶುರುವಾಗುವುದೇ ಆಕರ ಹೇಗೆ ಕೊಡಬೇಕೆಂದು ಹೇಳುವ ನಿಯಮ ಪುಸ್ತಕಗಳಿಂದ. ಒಬ್ಬ ತಜ್ಞರು ನಿಮಗೆ ವಾಟ್ಸಾಪ್‌ನಲ್ಲಿ ಒಂದು ವಿಷಯ ವಿವರಿಸಿದರು ಅಂದುಕೊಳ್ಳಿ. ಅದನ್ನು ಬರಹದಲ್ಲಿ ಬಳಸಬೇಕು.

ಮನೋವಿಜ್ಞಾನ ಮತ್ತು ಸಮಾಜವಿಜ್ಞಾನಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ಎಪಿಎ ಶೈಲಿ ಇದನ್ನು ‘ವೈಯಕ್ತಿಕ ಸಂವಹನ’ ಎಂದು ಕರೆಯುತ್ತದೆ. ವಾಕ್ಯದ ಪಕ್ಕದಲ್ಲೇ ಆವರಣದೊಳಗೆ ಹೆಸರು, ‘ವೈಯಕ್ತಿಕ ಸಂವಹನ’ ಎಂಬ ಪದ, ತಾರೀಖು ಹಾಕಿದರೆ ಮುಗಿಯಿತು. ಕೊನೆಯ ಆಕರಪಟ್ಟಿಯಲ್ಲಿ ಅದು ಬರುವಂತಿಲ್ಲ. ಸಾಹಿತ್ಯ ಮತ್ತು ಭಾಷಾ ವಿಭಾಗಗಳು ನೆಚ್ಚುವ ಎಂಎಲ್‌ಎ ಶೈಲಿಯಲ್ಲಿ ಅದೇ ಮೆಸೇಜಿಗೆ ಪಟ್ಟಿಯಲ್ಲಿ ಜಾಗ ಉಂಟು: ಕಳಿಸಿದವರ ಹೆಸರು, ‘ಲೇಖಕರಿಗೆ ಬಂದ ಸಂದೇಶ’ ಎಂಬ ವಿವರ, ದಿನಾಂಕ. ಶಿಕಾಗೊ ಶೈಲಿ ನಡುದಾರಿಯಲ್ಲಿದೆ. ಪಠ್ಯದಲ್ಲಿ ಅಥವಾ ಅಡಿಟಿಪ್ಪಣಿಯಲ್ಲಿ ಹೇಳಿ, ಗ್ರಂಥಸೂಚಿಗೆ ಸೇರಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ ಎನ್ನುತ್ತದೆ. ವಿಕಿಪೀಡಿಯ ಇವೆಲ್ಲಕ್ಕಿಂತ ಕಟ್ಟುನಿಟ್ಟು. ಪ್ರಕಟವಾಗದ ಆಕರ ಅಲ್ಲಿ ಆಕರವೇ ಅಲ್ಲ.

ಹೀಗೆ ಒಂದೇ ಮೆಸೇಜು ಒಂದು ಕಡೆ ಪಟ್ಟಿಯಲ್ಲಿರುತ್ತದೆ, ಇನ್ನೊಂದು ಕಡೆ ಪಕ್ಕದ ಆವರಣದಲ್ಲಿರುತ್ತದೆ, ಮತ್ತೊಂದು ಕಡೆ ಇರುವುದೇ ಇಲ್ಲ. ಯಾರು ಸರಿ ಅಂತ ಕೇಳುವುದಕ್ಕಿಂತ, ಇವರೆಲ್ಲ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ ಅಂತ ನೋಡಿದರೆ ಗಂಟು ಬಿಡಿಸಿಕೊಳ್ಳುತ್ತದೆ.

ಪಟ್ಟಿ ಇರುವುದು ಯಾರಿಗಾಗಿ?

ಎಪಿಎಗೆ ಆಕರಪಟ್ಟಿ ಓದುಗರಿಗಾಗಿ. ಪಟ್ಟಿಯಲ್ಲಿರುವ ಪ್ರತಿಯೊಂದನ್ನೂ ಓದುಗರು ಹುಡುಕಿ ತೆಗೆದು, ತಾವೇ ನೋಡುವಂತಿರಬೇಕು. ನಿಮ್ಮ ಫೋನಿನಲ್ಲಿರುವ ಮೆಸೇಜು ಅವರಿಗೆ ಸಿಗುವುದಿಲ್ಲ. ಸಿಗದ ವಸ್ತುವಿಗೆ ವಿಳಾಸ ಕೊಟ್ಟು ಏನು ಪ್ರಯೋಜನ? ಆದ್ದರಿಂದ ಪಟ್ಟಿಯಿಂದ ಹೊರಗೆ.

ಎಂಎಲ್‌ಎಗೆ ಪಟ್ಟಿ ಅಂದರೆ ನೀವು ಯಾವ ಯಾವುದರ ಮೇಲೆ ನಿಂತು ಬರೆದಿರಿ ಎಂಬ ಲೆಕ್ಕ. ಓದುಗರಿಗೆ ಸಿಗಲಿ, ಸಿಗದಿರಲಿ, ನೀವು ಬಳಸಿದ್ದು ನಿಜ. ಅದಕ್ಕೇ ಒಳಗೆ. ವಿಕಿಪೀಡಿಯದಲ್ಲಿ ಬರೆಯುವವರ ಗುರುತನ್ನೇ ಯಾರೂ ಖಚಿತಪಡಿಸಿಕೊಳ್ಳುವುದಿಲ್ಲ. ಹಾಗಾಗಿ ‘ನನಗೆ ಇಂಥವರು ಹೇಳಿದರು’ ಎಂಬ ಮಾತಿಗೆ ಅಲ್ಲಿ ಬೆಲೆ ಬರಲು ದಾರಿಯೇ ಇಲ್ಲ.

ಆದರೆ ಪಟ್ಟಿಯ ಚರ್ಚೆಯಲ್ಲಿ ಮುಳುಗಿದವರು ಹೆಚ್ಚಾಗಿ ಮರೆಯುವ ಇನ್ನೊಂದು ಪ್ರಶ್ನೆ ಇದೆ. ಈ ಆಕರದಿಂದ ನೀವು ಏನನ್ನು ಸಾಬೀತು ಮಾಡಲು ಹೊರಟಿದ್ದೀರಿ? ‘ಇವರು ಹೀಗೆ ಹೇಳಿದರು’ ಎಂಬುದನ್ನೇ? ಅಥವಾ ‘ಇವರು ಹೇಳಿದ್ದು ನಿಜ’ ಎಂಬುದನ್ನೇ? ಮೊದಲನೆಯದಕ್ಕೆ ಮೆಸೇಜು, ಪೋಸ್ಟು, ಸಂದರ್ಶನ ಒಳ್ಳೆಯ ಆಕರ, ಎಷ್ಟೋ ಸಲ ಅದೊಂದೇ ಆಕರ. ಎರಡನೆಯದಕ್ಕೆ ಅದು ಬಹುಮಟ್ಟಿಗೆ ಸಾಲುವುದೇ ಇಲ್ಲ. ಯಾವ ಶೈಲಿಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಬರೆದರೂ ಸಾಲುವುದಿಲ್ಲ.

ಕ್ಲಾಸಿನಲ್ಲಿ ಕೇಳಿದ ಮಾತು

ಮೇಷ್ಟ್ರು ಪಾಠದಲ್ಲಿ ಒಂದು ಅಂಕಿಅಂಶ ಹೇಳಿದರು, ವಿದ್ಯಾರ್ಥಿ ಅದನ್ನು ಬರೆದುಕೊಂಡು ಪ್ರಬಂಧದಲ್ಲಿ ಬಳಸಿದ. ಇಲ್ಲಿ ಮೊದಲ ಕೆಲಸ ಆಕರದ ರೂಪ ಹುಡುಕುವುದಲ್ಲ. ಆ ಅಂಕಿ ಮೇಷ್ಟ್ರದ್ದೇ ಸಂಶೋಧನೆಯೋ, ಎಲ್ಲೋ ಓದಿದ್ದೋ ಅಂತ ಕೇಳುವುದು. ಬಹಳಷ್ಟು ಸಲ ಅದು ಈಗಾಗಲೇ ಅಚ್ಚಾದ ಯಾವುದೋ ಲೇಖನದಿಂದ ಬಂದಿರುತ್ತದೆ. ಆಗ ಆ ಲೇಖನವನ್ನು ಓದಿ, ಅದನ್ನೇ ಉಲ್ಲೇಖಿಸಬೇಕು. ಮೇಷ್ಟ್ರು ದಾರಿ ತೋರಿಸಿದರು, ಅಷ್ಟೇ.

ಸ್ಲೈಡ್ ಅಥವಾ ರೆಕಾರ್ಡಿಂಗ್ ಇದ್ದರೆ ಲೆಕ್ಕ ಬೇರೆ. ಅವು ಕಾಲೇಜಿನ ಲಾಗಿನ್ ಇರುವ ತಾಣದಲ್ಲಿದ್ದು, ನಿಮ್ಮ ಬರಹ ಓದುವವರಿಗೂ ಅದೇ ಲಾಗಿನ್ ಇದ್ದರೆ ಎಪಿಎ ಪ್ರಕಾರ ಪಟ್ಟಿಗೆ ಸೇರಿಸಬಹುದು. ಅದೇ ಪ್ರಬಂಧವನ್ನು ಮುಂದೆ ಹೊರಗಿನ ಪತ್ರಿಕೆಗೆ ಕಳಿಸಿದರೆ ಸೇರಿಸುವಂತಿಲ್ಲ. ಹೊರಗಿನ ಓದುಗರಿಗೆ ಆ ಬಾಗಿಲು ತೆರೆಯುವುದಿಲ್ಲ. ಸ್ಲೈಡ್ ಬದಲಾಗಿಲ್ಲ, ಓದುಗರು ಬದಲಾದರು, ನಿಯಮವೂ ಬದಲಾಯಿತು.

ಸ್ಲೈಡೂ ಇಲ್ಲ, ರೆಕಾರ್ಡಿಂಗೂ ಇಲ್ಲ, ಇರುವುದು ವಿದ್ಯಾರ್ಥಿಯ ನೋಟ್ಸ್ ಮಾತ್ರ ಅಂದರೆ? ಇಲ್ಲಿ ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸೊಸ್ಯೂರ್ ಅವರ ಪ್ರಕರಣ ನೆನೆಯಬೇಕು. 1907ರಿಂದ 1911ರ ನಡುವೆ ಅವರು ಜಿನೀವಾದಲ್ಲಿ ಸಾಮಾನ್ಯ ಭಾಷಾವಿಜ್ಞಾನದ ಬಗ್ಗೆ ಮೂರು ಸಲ ಪಾಠಮಾಲೆ ನಡೆಸಿದರು. ಪುಸ್ತಕ ಬರೆಯಲಿಲ್ಲ. 1913ರಲ್ಲಿ ತೀರಿಕೊಂಡರು. ಸಹೋದ್ಯೋಗಿಗಳಾದ ಶಾರ್ಲ್ ಬಾಯಿ ಮತ್ತು ಆಲ್ಬೇರ್ ಸೆಶೆಹೇ ವಿದ್ಯಾರ್ಥಿಗಳ ನೋಟ್ಸ್‌ಗಳನ್ನು ಕೂಡಿಸಿ 1916ರಲ್ಲಿ ಪುಸ್ತಕ ತಂದರು. ಆ ಇಬ್ಬರೂ ಆ ಪಾಠಗಳಿಗೆ ಕೂತವರಲ್ಲ. ಇಪ್ಪತ್ತನೇ ಶತಮಾನದ ಭಾಷಾಚಿಂತನೆಯನ್ನು ಆ ಪುಸ್ತಕ ತಿರುಗಿಸಿಬಿಟ್ಟಿತು. ಆದರೆ 1996ರಲ್ಲಿ ಸೊಸ್ಯೂರ್ ಅವರ ಸ್ವಂತ ಕೈಬರಹದ ಹಾಳೆಗಳು ಸಿಕ್ಕವು. ಪುಸ್ತಕದಲ್ಲಿ ಯಾವುದು ಸೊಸ್ಯೂರ್ ಮಾತು, ಯಾವುದು ಸಂಪಾದಕರ ಹೊಲಿಗೆ ಎಂಬ ಚರ್ಚೆ ಅದರಿಂದ ಮತ್ತಷ್ಟು ಬೆಳೆಯಿತು.

ಒಬ್ಬ ವಿದ್ಯಾರ್ಥಿಯ ನೋಟ್ಸ್‌ನಿಂದ ಗೊತ್ತಾಗುವುದು ಆ ವಿದ್ಯಾರ್ಥಿ ಏನು ಕೇಳಿಸಿಕೊಂಡ ಎಂಬುದು. ಮೇಷ್ಟ್ರು ಏನು ಹೇಳಿದರು ಎಂಬುದಕ್ಕೆ ಅದು ಒಂದು ಹೆಜ್ಜೆ ದೂರದ ಸಾಕ್ಷಿ. ಆದ್ದರಿಂದ ನೋಟ್ಸ್‌ನಿಂದ ತೆಗೆದ ವಾಕ್ಯಕ್ಕೆ ಉದ್ಧರಣ ಚಿಹ್ನೆ ಹಾಕಬಾರದು. ಭಾವಾರ್ಥವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಸಾಧ್ಯವಾದರೆ ಆ ವಾಕ್ಯವನ್ನು ಮೇಷ್ಟ್ರಿಗೇ ಕಳಿಸಿ, ‘ನೀವು ಹೇಳಿದ್ದು ಹೀಗೇ ತಾನೆ?’ ಅಂತ ಕೇಳಿ. ಅವರು ಹೌದು ಅಂದ ಇಮೇಲ್, ನಿಮ್ಮ ನೋಟ್ಸ್‌ಗಿಂತ ಗಟ್ಟಿಯಾದ ದಾಖಲೆ.

ಸಂದರ್ಶನ ಮತ್ತು ಮೆಸೇಜ್

ಸಂದರ್ಶನದಲ್ಲಿ ಒಂದು ವ್ಯತ್ಯಾಸ ಜನ ಗಮನಿಸುವುದಿಲ್ಲ. ಹಿನ್ನೆಲೆ ತಿಳಿಯಲು ಒಬ್ಬ ತಜ್ಞರನ್ನು ಮಾತಾಡಿಸಿದರೆ ಅದು ವೈಯಕ್ತಿಕ ಸಂವಹನ. ಆದರೆ ಸಂಶೋಧನೆಯ ಭಾಗವಾಗಿಯೇ ನಲವತ್ತು ಜನರನ್ನು ಸಂದರ್ಶಿಸಿದರೆ ಅವರ ಮಾತು ನಿಮ್ಮ ದತ್ತಾಂಶ. ಎಪಿಎ ಪ್ರಕಾರ ಅದನ್ನು ವೈಯಕ್ತಿಕ ಸಂವಹನ ಅಂತ ಉಲ್ಲೇಖಿಸಲೇಬಾರದು. ಹೇಗೆ ಸಂದರ್ಶನ ಮಾಡಿದಿರಿ ಎಂಬುದನ್ನು ವಿಧಾನದ ಭಾಗದಲ್ಲಿ ಬರೆದು, ಮಾತುಗಳನ್ನು ಗುಪ್ತನಾಮದಲ್ಲಿ ಕೊಡಬೇಕು. ಹೆಸರು, ತಾರೀಖು ಸಮೇತ ಕೊಟ್ಟರೆ, ಗೋಪ್ಯತೆಯ ಭರವಸೆ ಕೊಟ್ಟು ಮಾತಾಡಿಸಿದವರ ಗುರುತು ಬಯಲಾಗುತ್ತದೆ. ರೂಪದ ತಪ್ಪು ಇಲ್ಲಿ ನಂಬಿಕೆ ಮುರಿಯುವ ತಪ್ಪಾಗುತ್ತದೆ.

ಮೆಸೇಜಿನ ತೊಂದರೆ ಬೇರೆ ಥರ. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ತಿದ್ದಿದ ಗುರುತು ಕಾಣುತ್ತದೆ, ಮೊದಲು ಏನಿತ್ತು ಎಂಬುದು ಕಾಣುವುದಿಲ್ಲ. ತಾನಾಗಿ ಮಾಯವಾಗುವ ಸಂದೇಶಗಳನ್ನು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಹೊಂದಿಸಬಹುದು. ಅಂದರೆ ಪ್ರಬಂಧ ಮುಗಿಯುವ ಮೊದಲೇ ಆಕರ ಇಲ್ಲವಾಗಬಹುದು. ಜೊತೆಗೆ, ಬರೆದವರು ಅದನ್ನು ನಿಮಗೆ ಬರೆದರೇ ಹೊರತು ಲೋಕಕ್ಕಲ್ಲ. ಅನುಮತಿ ಕೇಳದೆ ಬಳಸುವುದು ಸರಿಯಲ್ಲ. ಗುಂಪಿನ ಚರ್ಚೆಯಾದರೆ ಗುಂಪಿನ ಅಡ್ಮಿನ್ ಒಪ್ಪಿದರೆ ಸಾಲದು, ಆ ಮಾತು ಬರೆದವರೇ ಒಪ್ಪಬೇಕು.

ಅನಾಮಿಕ ಪೋಸ್ಟೊಂದು ಲೇಖಕನಾದ ಕಥೆ

‘ಸೋಶಿಯಲ್ ಮೀಡಿಯಾ ಪೋಸ್ಟು ಆಕರವಾಗಲು ಲಾಯಕ್ಕಿಲ್ಲ’ ಎನ್ನುವವರಿಗೂ, ‘ಎಲ್ಲಾ ಪೋಸ್ಟೂ ಆಕರವೇ’ ಎನ್ನುವವರಿಗೂ ಒಂದೇ ಪ್ರಕರಣದಲ್ಲಿ ಉತ್ತರವಿದೆ. ಅದು ಗಣಿತದ್ದು.

2011ರಲ್ಲಿ 4chan ಎಂಬ ತಾಣದಲ್ಲಿ ಒಂದು ಪ್ರಶ್ನೆ ಬಂತು. 14 ಕಂತುಗಳ ಒಂದು ಅನಿಮೆ ಸರಣಿಯನ್ನು ಸಾಧ್ಯವಿರುವ ಪ್ರತಿಯೊಂದು ಕ್ರಮದಲ್ಲೂ ನೋಡಬೇಕಾದರೆ ಕನಿಷ್ಠ ಎಷ್ಟು ಕಂತು ನೋಡಬೇಕು? ಒಂದು ಕ್ರಮದ ಕೊನೆ ಇನ್ನೊಂದರ ಆರಂಭವೂ ಆಗಬಹುದು. ಮೂರೇ ಕಂತಾದರೆ 123121321 ಎಂಬ ಸಾಲಿನಲ್ಲಿ ಆರೂ ಕ್ರಮಗಳು ಸಿಗುತ್ತವೆ, 9 ಕಂತು ಸಾಕು. ಕಂತು ಹೆಚ್ಚಾದ ಹಾಗೆ ಲೆಕ್ಕ ಕಠಿಣವಾಗುತ್ತದೆ. ಹೆಸರು ಹೇಳದ ಒಬ್ಬರು, ಇದಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ ಎಂಬ ಮಿತಿಯನ್ನು ಸಾಧನೆ, ಅಂದರೆ ಅದು ನಿಜವೆಂದು ತೋರಿಸುವ ಗಣಿತದ ತರ್ಕ, ಸಮೇತ ಅಲ್ಲಿ ಬರೆದು ಹೋದರು:

```
n! + (n−1)! + (n−2)! + n − 3
```

ಇಲ್ಲಿ n ಅಂದರೆ ಕಂತುಗಳ ಸಂಖ್ಯೆ, n! ಅಂದರೆ 1ರಿಂದ nವರೆಗಿನ ಸಂಖ್ಯೆಗಳ ಗುಣಲಬ್ಧ. 14 ಕಂತಿಗೆ ಇದು 9,388 ಕೋಟಿಗೂ ಜಾಸ್ತಿ. ಗಣಿತ ಲೋಕ ಏಳು ವರ್ಷ ಇದನ್ನು ಗಮನಿಸಲಿಲ್ಲ. 2018ರಲ್ಲಿ ರಾಬಿನ್ ಹ್ಯೂಸ್ಟನ್ ಎಂಬ ಗಣಿತಜ್ಞರ ಕಣ್ಣಿಗೆ ಒಂದು ವಿಕಿಯಲ್ಲಿ ಈ ಸಾಧನೆಯ ಪ್ರತಿ ಬಿತ್ತು. ಅದರ ಮೂಲ 4chan ಪೋಸ್ಟ್ ಎಂಬುದು ಆಮೇಲೆ ಪತ್ತೆಯಾಯಿತು. ಹ್ಯೂಸ್ಟನ್, ಜೇ ಪ್ಯಾಂಟೋನ್ ಮತ್ತು ವಿನ್ಸ್ ವ್ಯಾಟರ್ ಸಾಧನೆಯನ್ನು ಪರೀಕ್ಷಿಸಿ, ಸರಿಯಾದ ರೂಪಕ್ಕೆ ತಂದು ಪ್ರಬಂಧ ಬರೆದರು. ಮೊದಲ ಲೇಖಕರ ಜಾಗದಲ್ಲಿ ‘ಅನಾಮಿಕ 4chan ಪೋಸ್ಟರ್’ ಅಂತಲೇ ಹಾಕಿದರು.

ಬರೆದವರು ಯಾರು ಅಂತ ಯಾರಿಗೂ ಗೊತ್ತಿಲ್ಲದಿದ್ದರೂ ಇದು ಸಾಧ್ಯವಾಯಿತಲ್ಲ, ಯಾಕೆ? ಸಾಧನೆಯನ್ನು ನಂಬಲು ಬರೆದವರನ್ನು ನಂಬಬೇಕಾಗಿರಲಿಲ್ಲ. ಹೆಜ್ಜೆ ಹೆಜ್ಜೆಯಾಗಿ ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಆಕರದ ಉಲ್ಲೇಖ ಇಲ್ಲಿ ಋಣ ಒಪ್ಪಿಕೊಳ್ಳುವ ಕೆಲಸ ಮಾಡಿತು, ನಿಜವೆಂದು ತೋರಿಸುವ ಕೆಲಸವನ್ನು ಸಾಧನೆಯೇ ಮಾಡಿತು. ಅದೇ ತಾಣದಲ್ಲಿ ಅದೇ ವ್ಯಕ್ತಿ ‘ಈ ಔಷಧಿಯಿಂದ ನೂರಕ್ಕೆ ಇಷ್ಟು ಜನಕ್ಕೆ ಗುಣವಾಗುತ್ತದೆ’ ಅಂತ ಬರೆದಿದ್ದರೆ? ಪರೀಕ್ಷಿಸಲು ಏನೂ ಇಲ್ಲ, ನಂಬಲು ಹೆಸರೂ ಇಲ್ಲ. ಅಂಥ ಪೋಸ್ಟು ‘ಜನ ಹೀಗೆಲ್ಲ ಹೇಳುತ್ತಿದ್ದಾರೆ’ ಎಂಬುದಕ್ಕೆ ಮಾತ್ರ ಆಕರವಾಗಬಲ್ಲದು.

ಇನ್ನೊಂದು ಅಂಶವೂ ಮುಖ್ಯ. 4chanನಲ್ಲಿ ಹಳೆಯ ಚರ್ಚೆಗಳು ಉಳಿಯುವುದಿಲ್ಲ. ಯಾರೋ ಆಸಕ್ತರು ಅದನ್ನು ಬೇರೆ ಕಡೆ ನಕಲು ಮಾಡಿಟ್ಟಿದ್ದರಿಂದ ಈ ಸಾಧನೆ ಕೈಗೆ ಸಿಕ್ಕಿತು. ಈಗ ರೆಡ್ಡಿಟ್ ಮುಚ್ಚುತ್ತಿರುವುದು ಅಂಥದ್ದೇ ದಾರಿಯನ್ನು.

ಸ್ಕ್ರೀನ್‌ಶಾಟ್ ಎಷ್ಟು ಸಾಕ್ಷಿ?

ಪೋಸ್ಟುಗಳು ಎಷ್ಟು ಬೇಗ ಕಾಣೆಯಾಗುತ್ತವೆ ಅನ್ನೋದಕ್ಕೆ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬಹುದು. 2023ರ ವಸಂತದಲ್ಲಿ ಬಂದ ಸುಮಾರು 50 ಲಕ್ಷ ಟ್ವೀಟ್‌ಗಳನ್ನು ಅವರು ಹಿಂಬಾಲಿಸಿದರು. ಕೆಲವೇ ತಿಂಗಳಲ್ಲಿ 18 ಶೇಕಡಾ ಟ್ವೀಟ್‌ಗಳು ಸಾರ್ವಜನಿಕರಿಗೆ ಕಾಣದಾಗಿದ್ದವು. ಅವುಗಳಲ್ಲಿ ಸುಮಾರು 60 ಶೇಕಡಾ ಪ್ರಕರಣಗಳಲ್ಲಿ ಇಡೀ ಖಾತೆಯೇ ಖಾಸಗಿಯಾಗಿತ್ತು, ಅಮಾನತಾಗಿತ್ತು ಅಥವಾ ಅಳಿದುಹೋಗಿತ್ತು.

ಹಾಗಾಗಿ ಜನ ಸ್ಕ್ರೀನ್‌ಶಾಟ್ ತೆಗೆದಿಡುತ್ತಾರೆ. ಇಡಬೇಕಾದ್ದೇ. ಆದರೆ ಬ್ರೌಸರ್‌ನಲ್ಲಿ ಪುಟದ ಅಕ್ಷರ ಬದಲಿಸಿ ಚಿತ್ರ ತೆಗೆಯಲು ಒಂದು ನಿಮಿಷ ಸಾಕು. ಸುಮ್ನೆ ಚಿತ್ರ ಒಂದೇ ಇದ್ದರೆ ಅದು ದುರ್ಬಲ. ಚಿತ್ರದ ಜೊತೆ ಪೋಸ್ಟಿನ ಪೂರ್ತಿ ಲಿಂಕ್ ಇರಲೇಬೇಕು, ಚಿಕ್ಕದಾಗಿಸಿದ ಲಿಂಕ್ ಅಲ್ಲ. ಎಕ್ಸ್ (ಹಿಂದಿನ ಟ್ವಿಟರ್) ವಿಷಯದಲ್ಲಂತೂ ಲಿಂಕ್ ಒಳಗೇ ಒಂದು ಪುರಾವೆ ಅಡಗಿದೆ. ವಿಳಾಸದಲ್ಲಿ `status` ಎಂಬ ಪದದ ನಂತರ ಉದ್ದನೆಯ ಸಂಖ್ಯೆ ಬರುತ್ತದಲ್ವಾ? 2010ರ ನವೆಂಬರ್ ನಂತರದ ಪೋಸ್ಟುಗಳಲ್ಲಿ ಆ ಸಂಖ್ಯೆಯೊಳಗೆ ಪೋಸ್ಟ್ ಹುಟ್ಟಿದ ಕ್ಷಣ ದಾಖಲಾಗಿರುತ್ತದೆ. ವಿಕಿಪೀಡಿಯದ ಖಾತೆಯ ಒಂದು ಪೋಸ್ಟಿನ ಸಂಖ್ಯೆ ತೆಗೆದುಕೊಂಡು ಪೈಥಾನ್‌ನಲ್ಲಿ ಹೀಗೆ ಲೆಕ್ಕ ಹಾಕಬಹುದು:

```
(1541815603606036480 >> 22) + 1288834974657
```

ಉತ್ತರ 1656432460105. ಇದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡ್‌ಗಳು. ತಾರೀಖಿಗೆ ಬದಲಿಸಿದರೆ 2022ರ ಜೂನ್ 28, ಜಾಗತಿಕ ಪ್ರಮಾಣ ಸಮಯವಾದ ಯುಟಿಸಿ ಪ್ರಕಾರ 16 ಗಂಟೆ 7 ನಿಮಿಷ 40 ಸೆಕೆಂಡ್. ಪೋಸ್ಟ್ ಅಳಿಸಿಹೋದರೂ ಈ ಲೆಕ್ಕ ಕೆಡುವುದಿಲ್ಲ. ಚಿತ್ರದಲ್ಲಿರುವ ತಾರೀಖಿಗೂ ಸಂಖ್ಯೆ ಹೇಳುವ ತಾರೀಖಿಗೂ ತಾಳೆಯಾಗದಿದ್ದರೆ ಎಲ್ಲೋ ಏನೋ ಸರಿಯಿಲ್ಲ. ಒಂದೇ ದಿನದ ವ್ಯತ್ಯಾಸವಾದರೆ ಸಮಯವಲಯ ಕಾರಣವಿರಬಹುದು: ಒಂದು ದೇಶದಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ, ಇನ್ನೊಂದರಲ್ಲಿ ಹಿಂದಿನ ದಿನವೇ ಇರುತ್ತದೆ. ಅದಕ್ಕೇ ಉಲ್ಲೇಖದ ತಾರೀಖು ಯಾವ ಸಮಯದ ಪ್ರಕಾರ ಅಂತ ನಿಮ್ಮ ಕಡತದಲ್ಲಿ ಬರೆದಿಡುವುದು ಒಳ್ಳೆಯದು.

ಈ ಲೆಕ್ಕಕ್ಕೂ ಮಿತಿ ಇದೆ. ಸಂಖ್ಯೆ ಸಮಯ ಹೇಳುತ್ತದೆ, ಪೋಸ್ಟಿನಲ್ಲಿ ಏನು ಬರೆದಿತ್ತು ಅಂತ ಹೇಳುವುದಿಲ್ಲ. ಪಠ್ಯಕ್ಕೆ ಸಾಕ್ಷಿ ಬೇಕಾದರೆ ನಿಮ್ಮ ಕೈಯಲ್ಲಿಲ್ಲದ, ಮೂರನೆಯವರು ಇಟ್ಟ ಪ್ರತಿ ಬೇಕು. ವೇಬ್ಯಾಕ್ ಮಷೀನ್‌ನಂಥ ಆರ್ಕೈವ್‌ಗೆ ಇರುವ ಬೆಲೆ ಅದೇ.

ಹೆಸರು ಹೇಳಿದರೆ ಋಣ, ಹೇಳದಿದ್ದರೆ ರಕ್ಷಣೆ

ಇನ್ನೊಂದು ನಿಜವಾದ ಭಿನ್ನಾಭಿಪ್ರಾಯವಿದೆ. ಎಪಿಎ ಶೈಲಿ ಪೋಸ್ಟಿನ ಮೊದಲ 20 ಪದಗಳನ್ನು ಶೀರ್ಷಿಕೆಯ ಹಾಗೆ ಕೊಡಿ ಎನ್ನುತ್ತದೆ, ಖಾತೆಯ ಹೆಸರು ಮತ್ತು ಲಿಂಕ್ ಸಮೇತ. ಬರೆದವರಿಗೆ ಸಲ್ಲಬೇಕಾದ್ದು ಸಲ್ಲಬೇಕು ಎಂಬ ದೃಷ್ಟಿಯಿಂದ ಇದು ಸರಿ. ಆದರೆ ಕಾಯಿಲೆ, ಕಿರುಕುಳ, ಸಾಲದ ಬಗ್ಗೆ ಯಾರೋ ಸಾಮಾನ್ಯರು ಬರೆದುಕೊಂಡ ಪೋಸ್ಟಾದರೆ? ಹೆಸರು ತೆಗೆದು ವಾಕ್ಯ ಮಾತ್ರ ಉದ್ಧರಿಸಿದರೂ, ಆ ವಾಕ್ಯವನ್ನು ಹುಡುಕಾಟದಲ್ಲಿ ಹಾಕಿದರೆ ಖಾತೆ ಸಿಕ್ಕಿಬಿಡುತ್ತದೆ. ಆದ್ದರಿಂದ ಆನ್‌ಲೈನ್ ಸಮುದಾಯಗಳನ್ನು ಅಧ್ಯಯನ ಮಾಡುವ ಅನೇಕ ಸಂಶೋಧಕರು ಇಂಥ ಪೋಸ್ಟನ್ನು ಉದ್ಧರಿಸದೆ, ಮಾತು ಬದಲಿಸಿ ಸಾರ ಮಾತ್ರ ಕೊಡುತ್ತಾರೆ.

ಇವೆರಡರಲ್ಲಿ ಒಂದನ್ನು ಎಲ್ಲಾ ಕಡೆ ಅನ್ವಯಿಸುವುದು ತಪ್ಪು. ಮಂತ್ರಿ, ಕಂಪನಿ, ಖ್ಯಾತ ವಿಜ್ಞಾನಿ ಸಾರ್ವಜನಿಕ ವಿಷಯದ ಬಗ್ಗೆ ಬರೆದರೆ ಹೆಸರು, ಲಿಂಕ್ ಎಲ್ಲಾ ಕೊಡಲೇಬೇಕು. ಅಲ್ಲಿ ಅವರು ಹಾಗೆ ಹೇಳಿದರು ಎಂಬುದೇ ನಿಮ್ಮ ವಿಷಯ. ನೂರು ಜನ ಓದುತ್ತಾರೆ ಅಂದುಕೊಂಡು ಬರೆದ ಸಾಮಾನ್ಯರ ವಿಷಯದಲ್ಲಿ ಅವರ ರಕ್ಷಣೆ ಮೊದಲು. ಪುಟ ಲಾಗಿನ್ ಇಲ್ಲದೆ ತೆರೆಯುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಪ್ರಕಟಣೆ ಅಂತ ಕರೆಯಲಾಗದು.

ಮುಂದೆ ಏನಾಗಬಹುದು?

ತಾಣಗಳು ಬಾಗಿಲು ಹಾಕಿಕೊಳ್ಳುವುದು ರೆಡ್ಡಿಟ್‌ನಿಂದ ಶುರುವಾದದ್ದಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಎಲ್ಲಾ ಸಾರ್ವಜನಿಕ ಟ್ವೀಟ್‌ಗಳನ್ನು ಸಂಗ್ರಹಿಸಲು ಹೊರಟಿತ್ತು. 2018ರಿಂದ ಆಯ್ದದ್ದನ್ನು ಮಾತ್ರ ಇಡುವುದಾಗಿ ಹಿಂದೆ ಸರಿಯಿತು. 2023ರ ಜೂನ್ ಕೊನೆಯಲ್ಲಿ ಟ್ವಿಟರ್ ಕೆಲ ದಿನ ಲಾಗಿನ್ ಇಲ್ಲದವರಿಗೆ ಟ್ವೀಟ್ ತೋರಿಸುವುದನ್ನೇ ನಿಲ್ಲಿಸಿತ್ತು.

ಇದರ ನೇರ ಪರಿಣಾಮ, ಎಪಿಎಯ ಹಳೆಯ ಗೆರೆ ಜಾಗ ಬದಲಿಸುತ್ತದೆ. ಓದುಗರು ಹುಡುಕಿ ತೆಗೆಯಬಲ್ಲದ್ದು ಪಟ್ಟಿಗೆ, ಆಗದ್ದು ಪಠ್ಯಕ್ಕೆ ಎಂಬುದು ನಿಯಮವಾದರೆ, ಇವತ್ತು ಪಟ್ಟಿಯಲ್ಲಿರುವ ಎಷ್ಟೋ ಪೋಸ್ಟುಗಳು ನಾಳೆ ಮೆಸೇಜುಗಳ ಸಾಲಿಗೆ ಬರುತ್ತವೆ. ಆಗ ಅವುಗಳ ಹೊಣೆ ತಾಣದ ಮೇಲಾಗಲಿ, ಆರ್ಕೈವ್ ಮೇಲಾಗಲಿ ಇರುವುದಿಲ್ಲ, ಬರೆದವರ ಹೆಗಲಿಗೆ ಬರುತ್ತದೆ. ಪತ್ರಿಕೆಗಳ ಸಂಪಾದಕರು, ಪ್ರಬಂಧ ಪರೀಕ್ಷಕರು ‘ಆ ಪೋಸ್ಟಿನ ಪ್ರತಿ ತೋರಿಸಿ’ ಅಂತ ಕೇಳುವುದು ಹೆಚ್ಚಾಗಬಹುದು. ಸಂದರ್ಶನದ ಧ್ವನಿಮುದ್ರಣ, ಒಪ್ಪಿಗೆಯ ಇಮೇಲ್, ಪೂರ್ತಿ ಲಿಂಕ್ ಇರುವ ಚಿತ್ರ, ನೋಡಿದ ದಿನಾಂಕ ಇವನ್ನು ಪ್ರಬಂಧ ಸಲ್ಲಿಸಿದ ಮೇಲೂ ಉಳಿಸಿಕೊಂಡವರಿಗೆ ಆಗ ತೋರಿಸಲು ಏನಾದರೂ ಇರುತ್ತದೆ. ಉಳಿಸಿಕೊಳ್ಳದವರು ಆ ವಾಕ್ಯವನ್ನೇ ತೆಗೆಯಬೇಕಾಗುತ್ತದೆ, ಅದರ ಮೇಲೆ ಕಟ್ಟಿದ ವಾದವನ್ನೂ ಸೇರಿಸಿ.